ರೊಕ್ಕ ಬಂದೈತಿ, ಕೈಗೆ ಬಂದಿಲ್ಲ

ಕೊಟ್ಟೂರು ಸೀಮೆಯಲ್ಲಿ ಮಗುವಿಗೆ ಹೆಸರು ಹುಡುಕಲು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಊರ ದೇವರಾದ ಗುರು ಬಸವೇಶ್ವರಸ್ವಾಮಿ ನಮ್ಮ ಜನರ ಬಾಯಲ್ಲಿ ಕೊಟ್ರಯ್ಯ. ಹಾಗಾಗಿ ಗಂಡಾದರೆ ಕೊಟ್ರೇಶ, ಕೊಟ್ರಪ್ಪ, ಕೊಟ್ರಗೌಡ. ಹೆಣ್ಣಾದರೆ ಕೊಟ್ರಮ್ಮ, ಕೊಟ್ರಬಸಮ್ಮ. ಹಡಗಲಿ ಕಡೆ ಹೋದರೆ ಮೈಲಾರಪ್ಪಗಳು, ಉಜ್ಜಿನಿ ಸುತ್ತ ಮರುಳಸಿದ್ದಪ್ಪಗಳು, ಹರಪನಹಳ್ಳಿ ಕಡೆ ಗೋಣಿಬಸಪ್ಪಗಳು. ನಾನು ಮೇಷ್ಟ್ರಾಗಿದ್ದ ಕಾಲದಲ್ಲಿ ಒಂದೇ ತರಗತಿಯ ಹಾಜರಿಯಲ್ಲಿ ಕೊಟ್ರೇಶ ಬಿ., ಕೊಟ್ರೇಶ ಎಂ., ಇನ್ನೊಬ್ಬ ಕೊಟ್ರೇಶ ಎಂ. ಇರುತ್ತಿದ್ದರು. ಕೊನೆಯವನನ್ನು ‘ಗಿರಣಿ ಕೊಟ್ರೇಶ’ ಎಂದು ಕರೆದರೆ ಎಲ್ಲರಿಗೂ ತಿಳಿಯುತ್ತಿತ್ತು. ಈ ಏರ್ಪಾಟಿನಿಂದ ಯಾರಿಗೂ ತೊಂದರೆ ಇರಲಿಲ್ಲ. ತೊಂದರೆ ಶುರುವಾದದ್ದು ಗಿರಣಿ ಕೊಟ್ರೇಶಗಳೆಲ್ಲ ದುಬೈ, ಮಸ್ಕತ್ತು, ಕುವೈತು ಸೇರಿ ಅಲ್ಲಿಂದ ಅವ್ವನ ಹೆಸರಿಗೆ ರೊಕ್ಕ ಕಳಿಸತೊಡಗಿದ ಮೇಲೆ.

ನಿವೃತ್ತ ಮೇಷ್ಟ್ರು ಎಂದರೆ ಹಳ್ಳಿಯಲ್ಲಿ ಸಂಬಳವಿಲ್ಲದ ಗುಮಾಸ್ತ. ಪಿಂಚಣಿ ಅರ್ಜಿ, ಬೆಳೆ ವಿಮೆ, ಆಧಾರ್ ತಿದ್ದುಪಡಿ ಎಲ್ಲ ನನ್ನ ಕಟ್ಟೆಗೇ ಬರುತ್ತವೆ. ಹಾಗೆಯೇ ಒಂದು ಮುಂಜಾನೆ ನನ್ನ ಚಿಗವ್ವ ಮೊಬೈಲು ಹಿಡಿದುಕೊಂಡು ಬಂದಳು. ಅವಳ ನಿಜವಾದ ಹೆಸರು ಇಲ್ಲಿ ಬೇಡ, ಕೊಟ್ರಮ್ಮ ಎನ್ನೋಣ. ನಮ್ಮ ಕಡೆ ಗುರುತು ಮರೆಸಲು ಇದಕ್ಕಿಂತ ಭದ್ರವಾದ ಹೆಸರಿಲ್ಲ.

“ತಮ್ಮಾ, ಇದೇನು ಓದಪಾ. ರೊಕ್ಕ ಬಂದೈತಿ ಅಂತ ಐತೋ, ಬಂದಿಲ್ಲ ಅಂತ ಐತೋ?”

ಓದಿದೆ. ಎರಡೂ ಇತ್ತು. 6,807 ಡಾಲರು ಒಳಬಂದಿದೆ, ದಾಖಲೆಗಳಿಲ್ಲದ ಕಾರಣ ಬಾಕಿ ಉಳಿದಿದೆ, ಶಾಖೆಯನ್ನು ಕಾಣಿರಿ ಎಂದು ಇಂಗ್ಲಿಷಿನಲ್ಲಿ ಒಂದೂವರೆ ಸಾಲು. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ಸದ್ದಡಗಿಸಿ ಒಂದೇ ಸಾಲು ನುಡಿದು ಕೆಳಗೆ ಬೀಳುತ್ತಾನಲ್ಲ, ಬ್ಯಾಂಕಿನ ಸಂದೇಶವೂ ಆ ಕಾರಣಿಕದ ಜಾತಿಯದೇ. ನುಡಿಯುವವರು ಒಮ್ಮೆ ನುಡಿದು ಸುಮ್ಮನಾಗುತ್ತಾರೆ, ಅರ್ಥ ಹಚ್ಚುವ ಕೆಲಸ ಕೇಳಿದವರದು. ಸಂಜೆಯೊಳಗೆ ಓಣಿಯಲ್ಲಿ ಮೂರು ಅರ್ಥ ಹುಟ್ಟಿದ್ದವು. ಐಟಿಯವರು ಹಿಡಿದಿದ್ದಾರೆ, ದುಬೈಯಲ್ಲಿ ಮಗ ಏನೋ ಮಾಡಿಕೊಂಡಿದ್ದಾನೆ, ಬ್ಯಾಂಕಿನವರು ಬಡ್ಡಿ ತಿನ್ನುತ್ತಿದ್ದಾರೆ.

ಮಗ ಏನೂ ಮಾಡಿಕೊಂಡಿರಲಿಲ್ಲ. ಎಸಿ ರಿಪೇರಿ ಕಂಪನಿಯೊಂದರಲ್ಲಿ ಆರು ವರ್ಷ ದುಡಿದು ಬೇರೆ ಕಂಪನಿಗೆ ಸೇರಿದ್ದ. ಹಳೆಯ ಕಂಪನಿ ಲೆಕ್ಕ ಚುಕ್ತಾ ಮಾಡಿದಾಗ ಬಂದ ಗ್ರಾಚ್ಯುಟಿಗೆ ತನ್ನ ಉಳಿತಾಯ ಸೇರಿಸಿ 25,000 ದಿರ್ಹಾಂ ಒಟ್ಟಿಗೆ ಕಳಿಸಿದ್ದ. ದಿರ್ಹಾಮಿನ ಬೆಲೆ ಡಾಲರಿಗೆ ಕಟ್ಟಿಹಾಕಿದ್ದು, ಒಂದು ಡಾಲರಿಗೆ 3.6725. ಹಾಗಾಗಿ ಲೆಕ್ಕ ಸರಿಯಾಗಿ 6,807 ಡಾಲರಿಗೆ ಕೂಡುತ್ತದೆ. ನಮ್ಮ ರೂಪಾಯಿಯಲ್ಲಿ ಆರು ಲಕ್ಷದ ಹತ್ತಿರ. ಮನೆಯ ತಾರಸಿ ಸೋರುತ್ತಿತ್ತು, ಅದಕ್ಕೆಂದು.

ಇದಕ್ಕೆ ಮೊದಲೂ ಅವನು ಪ್ರತಿ ತಿಂಗಳು ರೊಕ್ಕ ಕಳಿಸುತ್ತಿದ್ದ. ಅಲ್ಲಿನ ಎಕ್ಸ್‌ಚೇಂಜ್ ಅಂಗಡಿಗೆ ಹೋಗಿ 1,500 ದಿರ್ಹಾಂ ಕಟ್ಟಿದರೆ ಅಂದೇ ಇಲ್ಲಿ ಅಪ್ಪನ ಖಾತೆಗೆ ರೂಪಾಯಿಯಾಗಿಯೇ ಬಂದು ಬೀಳುತ್ತಿತ್ತು, ಯಾರೂ ಏನೂ ಕೇಳುತ್ತಿರಲಿಲ್ಲ. ಈಗ ಅಪ್ಪ ತೀರಿಕೊಂಡಿದ್ದ. ಖಾತೆ ಅವ್ವನದು, ಮೊತ್ತ ಹದಿನಾರು ಪಾಲು ದೊಡ್ಡದು, ಕಳಿಸಿದ ದಾರಿ ಬ್ಯಾಂಕಿನಿಂದ ಬ್ಯಾಂಕಿಗೆ ಡಾಲರಿನಲ್ಲಿ. ಮೂರೂ ಒಟ್ಟಿಗೆ ಬದಲಾದರೆ ಬ್ಯಾಂಕಿನ ಕಂಪ್ಯೂಟರು ಕಿವಿ ನಿಮಿರಿಸುತ್ತದೆ. ಯಾವುದೋ ಒಂದು ಬದಲಾಗಿದ್ದರೆ ಬಹುಶಃ ಸುಮ್ಮನಿರುತ್ತಿತ್ತು.

ಶಾಖೆಗೆ ಹೋದೆವು. ಮ್ಯಾನೇಜರು ಆಂಧ್ರದ ಹುಡುಗ, ನಮ್ಮ ಕನ್ನಡವನ್ನು ಅರ್ಧ ತೆಲುಗಿನಲ್ಲಿ ಆಡುತ್ತಿದ್ದರು. ಚಿಗವ್ವ ಕೇಳಿದ ಮೊದಲ ಪ್ರಶ್ನೆ ನ್ಯಾಯವಾದದ್ದೇ: “ಸಾಹೇಬ್ರ, ನನ್ನ ರೊಕ್ಕ ಈಗ ಎಲ್ಲೈತ್ರೀ? ನಿಮ್ಮ ತಿಜೋರಿಯಾಗೈತೇನು?”

ಅಲ್ಲಿರಲಿಲ್ಲ. ಇದು ನಮ್ಮ ಜನಕ್ಕೆ ಅರ್ಥ ಮಾಡಿಸುವುದು ಕಷ್ಟ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯಂಥ ಊರಿನ ಶಾಖೆಗಳು ಪರದೇಶದ ಬ್ಯಾಂಕಿನ ಜೊತೆ ನೇರ ಮಾತಾಡುವುದಿಲ್ಲ. ದುಬೈ ಬ್ಯಾಂಕು ಕಳಿಸಿದ ಸಂದೇಶ ಸ್ವಿಫ್ಟ್ ಎಂಬ ಜಾಲದಲ್ಲಿ ಬಂದು, ದೊಡ್ಡ ಊರಿನಲ್ಲಿ ಕೂತ ನಮ್ಮ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗಕ್ಕೆ ಮುಟ್ಟುತ್ತದೆ. ಡಾಲರು ಆ ಬ್ಯಾಂಕು ಹೊರದೇಶದಲ್ಲಿಟ್ಟ ತನ್ನ ಖಾತೆಯಲ್ಲಿ ಜಮೆಯಾಗಿರುತ್ತದೆ. ವಿಭಾಗದವರು ಸಂದೇಶ ಓದಿ, ತೃಪ್ತರಾಗಿ, ಆ ದಿನದ ದರದಲ್ಲಿ ರೂಪಾಯಿ ಮಾಡಿ ಖಾತೆಗೆ ಹಾಕಬೇಕು. ತೃಪ್ತರಾಗದಿದ್ದರೆ ಶಾಖೆಗೆ ಒಂದು ಮಿಂಚಂಚೆ ಬರೆದು ಸುಮ್ಮನಾಗುತ್ತಾರೆ. ಮ್ಯಾನೇಜರ ಕೈಯಲ್ಲಿರುವುದು ಕಾಗದ ಪಡೆದು ಸ್ಕ್ಯಾನ್ ಮಾಡಿ ಮೇಲೆ ಕಳಿಸುವುದಷ್ಟೇ. ಬಿಡುಗಡೆಯ ಗುಂಡಿ ಅವರ ಮೇಜಿನಲ್ಲಿಲ್ಲ. ಇದು ತಿಳಿದ ಮೇಲೆ ಶಾಖೆಯಲ್ಲಿ ಕೂಗಾಡುವ ಉಮೇದು ಅರ್ಧ ಇಳಿಯುತ್ತದೆ. ಉಳಿದರ್ಧವನ್ನು ಮಿಂಚಂಚೆಯಲ್ಲಿ ನಿಜಕ್ಕೂ ಏನು ಕೇಳಿದ್ದಾರೆ ಎಂದು ಓದಿಸಿಕೊಳ್ಳಲು ಬಳಸಬೇಕು. ‘ದಾಖಲೆ ಬೇಕು’ ಎಂದಷ್ಟೇ ಹೇಳಿ ಕಳಿಸಿದರೆ ಜನ ಮನೆಯಲ್ಲಿದ್ದ ಕಾಗದವನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಬರುತ್ತಾರೆ, ಬೇಕಾದದ್ದೊಂದು ಮಾತ್ರ ಅದರಲ್ಲಿರುವುದಿಲ್ಲ.

ಐಟಿಯ ಭಯವನ್ನು ಮ್ಯಾನೇಜರು ಅಲ್ಲೇ ಬಿಡಿಸಿದರು. ಗಡಿ ದಾಟಿ ಬರುವ ಐದು ಲಕ್ಷ ರೂಪಾಯಿಗೆ ಮೇಲ್ಪಟ್ಟ ಪ್ರತಿ ಹಣವನ್ನೂ ಬ್ಯಾಂಕು ದೆಹಲಿಯ ಹಣಕಾಸು ಗುಪ್ತಚರ ಘಟಕಕ್ಕೆ ತಿಂಗಳಿಗೊಮ್ಮೆ ವರದಿ ಮಾಡಲೇಬೇಕು. 2002ರ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ನಿಯಮ ಅದು. ತಪ್ಪು ಮಾಡಿದವರ ಹಣಕ್ಕೂ ಮಾಡದವರ ಹಣಕ್ಕೂ ಒಂದೇ ವರದಿ, ಅದಕ್ಕೂ ಹಣ ತಡೆಯುವುದಕ್ಕೂ ಸಂಬಂಧವಿಲ್ಲ. ಮಗ ಅವ್ವನಿಗೆ ಕೊಟ್ಟದ್ದಕ್ಕೆ ಅವ್ವ ಆದಾಯ ತೆರಿಗೆ ಕಟ್ಟಬೇಕಾಗಿಯೂ ಇಲ್ಲ, ಎಷ್ಟೇ ಇರಲಿ. ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರು, ತಂದೆತಾಯಿ, ಅವರ ಒಡಹುಟ್ಟಿದವರು ಮೊದಲಾದವರು ಕಾಯ್ದೆಯ ಲೆಕ್ಕದಲ್ಲಿ ಸಂಬಂಧಿಗಳು. ಚಿಕ್ಕಪ್ಪನ ಮಗ ಬರುವುದಿಲ್ಲ. ನಮ್ಮ ಕಡೆ ಚಿಕ್ಕಪ್ಪನ ಮಗನೆಂದರೆ ಸ್ವಂತ ತಮ್ಮನೇ, ಆದರೆ ಆ ಕಾಯ್ದೆ ಬರೆದವರು ಕೂಡುಕುಟುಂಬದಲ್ಲಿ ಉಂಡವರಿರಲಿಕ್ಕಿಲ್ಲ.

ಮೊದಲ ತೊಡಕು ಪರದೇಶದ್ದೇ ಅಲ್ಲ, ಇಲ್ಲಿಯದು. ಚಿಗವ್ವನ ಖಾತೆ ಜನಧನ್ ಶುರುವಾದ 2014ರ ಹೊತ್ತಿನಲ್ಲಿ ಶಾಲೆಯ ಅಂಗಳದಲ್ಲಿ ಶಿಬಿರ ಹಾಕಿ ತೆರೆದದ್ದು. ಅಪಾಯ ಕಡಿಮೆ ಎನಿಸಿದ ಗ್ರಾಹಕರ ಕೆವೈಸಿಯನ್ನೂ ಹತ್ತು ವರ್ಷಕ್ಕೊಮ್ಮೆ ಹೊಸತು ಮಾಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮ. ಹಾಗಾಗಿ ಆಗ ತೆರೆದ ಖಾತೆಗಳಿಗೆಲ್ಲ ಒಮ್ಮೆಲೇ ವಾಯಿದೆ ಬಂತು. 2025ರ ಜುಲೈ 1ರಿಂದ ತಿಂಗಳುಗಟ್ಟಲೆ ಪಂಚಾಯಿತಿ ಪಂಚಾಯಿತಿಗಳಲ್ಲಿ ಶಿಬಿರ ನಡೆಸಿದ್ದು ಅದಕ್ಕೇ. ಆ ದಿನಗಳಲ್ಲಿ ಚಿಗವ್ವ ಶೇಂಗಾ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಆಧಾರ್, ಪ್ಯಾನ್, ಒಂದು ಫೋಟೊ, ಒಂದು ಸಹಿ, ಅಷ್ಟಕ್ಕೇ ಆ ಕೆಲಸ ಮುಗಿಯಿತು. ಹಣ ಕಳಿಸುವ ಮೊದಲೇ ಮಾಡಿಸಿದ್ದರೆ ಕಂಪ್ಯೂಟರಿಗೆ ಒಂದು ನೆಪ ಕಡಿಮೆಯಾಗುತ್ತಿತ್ತು.

ಎರಡನೆಯದು ಹೆಸರು. ಇದೇ ನಮ್ಮ ಸೀಮೆಯ ದೊಡ್ಡ ಪುರಾಣ.

ದೇಶದೊಳಗೆ ನೆಫ್ಟ್ ಮೂಲಕ ರೊಕ್ಕ ಕಳಿಸಿದರೆ ಬ್ಯಾಂಕು ಖಾತೆ ಸಂಖ್ಯೆಯೊಂದನ್ನೇ ನೋಡಿ ಜಮೆ ಮಾಡುತ್ತದೆ. ಹೆಸರಿನಲ್ಲಿ ಒಂದು ಅಕ್ಷರ ಆಚೀಚೆಯಾದರೂ ಹಣ ನಿಲ್ಲುವುದಿಲ್ಲ. ಹೊರದೇಶದಿಂದ ಬಂದ ಹಣಕ್ಕೆ ಹಾಗಲ್ಲ, ಸಂಖ್ಯೆಯೂ ಹೆಸರೂ ಎರಡೂ ಕೂಡಬೇಕು. ಚಿಗವ್ವನ ಆಧಾರಿನಲ್ಲಿ Kottramma ಎಂದಿತ್ತು. ಪ್ಯಾನಿನಲ್ಲಿ KOTRAMMA. ಪಾಸ್‌ಬುಕ್ಕಿನಲ್ಲಿ, ಶಿಬಿರದ ದಿನ ಬರೆದುಕೊಂಡ ಹುಡುಗನ ಕೃಪೆಯಿಂದ, KOTRABASAMMA. ಮಗನ ಬ್ಯಾಂಕಿನ ಮೊಬೈಲ್ ಆ್ಯಪಿನಲ್ಲಿ ಹೆಸರಿಗೊಂದು, ಮನೆತನಕ್ಕೊಂದು ಎಂದು ಎರಡು ಖಾನೆ, ಎರಡನೆಯದನ್ನು ಖಾಲಿ ಬಿಟ್ಟರೆ ಮುಂದೆ ಹೋಗುವುದಿಲ್ಲ. ನಮ್ಮವರಿಗೆ ಮನೆತನದ ಹೆಸರು ಎಲ್ಲಿಂದ ಬರಬೇಕು? ತೀರಿಕೊಂಡ ಅಪ್ಪನ ಹೆಸರು ತುಂಬಿಬಿಟ್ಟಿದ್ದ. ಪೂನಾದಲ್ಲೋ ಚೆನ್ನೈಯಲ್ಲೋ ಕುಳಿತ ಒಬ್ಬ ಗುಮಾಸ್ತನಿಗೆ ಈ ನಾಲ್ವರೂ ಒಬ್ಬಳೇ ಹೆಂಗಸು ಎಂದು ಹೇಗೆ ಗೊತ್ತಾಗಬೇಕು?

ವಿಳಾಸದ್ದು ಇನ್ನೊಂದು ಕಥೆ. ಕೊಟ್ಟೂರು ಮೊದಲು ಕೂಡ್ಲಿಗಿ ತಾಲ್ಲೂಕಿನೊಳಗಿನ ಊರು, ಈಗ ತಾನೇ ಒಂದು ತಾಲ್ಲೂಕು. ಜಿಲ್ಲೆ ಬಳ್ಳಾರಿಯಾಗಿತ್ತು, 2021ರಿಂದ ವಿಜಯನಗರ. ಆ ಬಳ್ಳಾರಿಯಾದರೂ 2014ರ ನವೆಂಬರ್ 1ರ ತನಕ ಇಂಗ್ಲಿಷಿನಲ್ಲಿ Bellary, ಆಮೇಲೆ Ballari. ನಮ್ಮದೇ ಹೀಗಾದರೆ ಹರಪನಹಳ್ಳಿಯವರ ಪಾಡು ಕೇಳಬೇಡಿ. ಅವರು 1997ರ ತನಕ ಬಳ್ಳಾರಿ, ಆ ವರ್ಷ ದಾವಣಗೆರೆ ಜಿಲ್ಲೆಯಾದಾಗ ದಾವಣಗೆರೆ, ನಂತರ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಮನೆ ಬಿಟ್ಟು ಕದಲದೆ, ಕುಂತ ಕಟ್ಟೆಯಲ್ಲೇ ಕುಂತು ಅಷ್ಟು ಜಿಲ್ಲೆ ಸುತ್ತಿದ ಹಿರಿಯರು ಅಲ್ಲಿ ಎಷ್ಟೋ ಜನ. ಒಬ್ಬನೇ ಮನುಷ್ಯನ ಪಾಸ್‌ಪೋರ್ಟು ದಾವಣಗೆರೆ, ಆಧಾರ್ ಬಳ್ಳಾರಿ, ಪಡಿತರ ಚೀಟಿ ವಿಜಯನಗರ ಎನ್ನುತ್ತವೆ. ಬ್ಯಾಂಕುಗಳೂ ಈ ಆಟದಲ್ಲಿ ಹಿಂದೆ ಬಿದ್ದಿಲ್ಲ. ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾದೊಳಗೆ ಸೇರಿತು, ಮರುವರ್ಷ ಅದರ ಹಳೆಯ ಐಎಫ್‌ಎಸ್‌ಸಿ ಸಂಖ್ಯೆಗಳು ಸತ್ತವು. ಪರದೇಶಕ್ಕೆ ಹೋಗುವಾಗ ಮಗ ಫೋಟೊ ಹೊಡೆದುಕೊಂಡ ಪಾಸ್‌ಬುಕ್ಕಿನಲ್ಲಿ ಮಾತ್ರ ಅವು ಇನ್ನೂ ಬದುಕಿರುತ್ತವೆ.

ಜಿಲ್ಲೆ ಬದಲಾದದ್ದಕ್ಕೆ ಬ್ಯಾಂಕು ಹೆಚ್ಚು ತಕರಾರು ಮಾಡಲಿಲ್ಲ. ಪಿನ್ ಕೋಡು ಒಂದೇ ಇದ್ದರೆ ಅವರಿಗೆ ಸಮಾಧಾನ. ಹೆಸರಿಗೆ ಮಾತ್ರ ಅಫಿಡವಿಟ್ ಬೇಕೆಂದರು. ನೋಟರಿಯ ಬಳಿ ಛಾಪಾ ಕಾಗದದ ಮೇಲೆ, ಈ ನಾಲ್ಕೂ ಹೆಸರಿನವಳು ನಾನೊಬ್ಬಳೇ ಎಂದು ಚಿಗವ್ವ ಹೆಬ್ಬೆಟ್ಟೊತ್ತಿದಳು. ಸಹಿ ಮಾಡಲು ಬರುತ್ತಿತ್ತು. “ನಾಕ್ ಹೆಸರಿಗೆ ಒಂದ ಸಹಿ ಹೆಂಗಪಾ ಸಾಲ್ತೈತಿ, ಬೆಟ್ಟ ಒತ್ತತೀನಿ, ಬೆಟ್ಟಿಗೆ ಸ್ಪೆಲ್ಲಿಂಗ್ ಇಲ್ಲ” ಎಂದಳು. ನೋಟರಿಗಳು ನಗುವುದನ್ನು ನಾನು ಅಂದೇ ನೋಡಿದ್ದು. ಅಫಿಡವಿಟ್ಟಿನಿಂದ ಈ ಸಲದ ಹಣ ಬಿಡುಗಡೆಯಾಗುತ್ತದೆ ಅಷ್ಟೇ, ಮುಂದಿನ ಸಲಕ್ಕೆ ಅದೇ ಗೋಳು. ಪಾಸ್‌ಬುಕ್ಕಿನ ಹೆಸರನ್ನು ಪ್ಯಾನಿನ ಹೆಸರಿಗೆ ಹೊಂದಿಸಲು ಅದೇ ದಿನ ಇನ್ನೊಂದು ಅರ್ಜಿ ಕೊಡಿಸಿದೆ.

ಹೆಸರಿನ ಮಾತು ಬಂದಾಗ ಹರಪನಹಳ್ಳಿಯ ಒಬ್ಬ ಗೌಂಡಿ ಮೇಸ್ತ್ರಿ ಸಾಬರನ್ನು ನೆನೆಯದೆ ಇರಲಾರೆ. ಅವರ ಮಗ ಕುವೈತಿನಿಂದ ಕಳಿಸಿದ ಹಣ ನಿಂತದ್ದು ಅಕ್ಷರ ತಪ್ಪಿದ್ದಕ್ಕಲ್ಲ, ಸರಿಯಾಗಿ ಇದ್ದದ್ದಕ್ಕೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಇಟ್ಟಿರುವ ಭಯೋತ್ಪಾದಕರ ಪಟ್ಟಿಗೆ ಪ್ರತಿ ಹೆಸರನ್ನೂ ಹೋಲಿಸಿ ನೋಡಬೇಕೆಂದು ಬ್ಯಾಂಕುಗಳಿಗೆ ಕಟ್ಟಪ್ಪಣೆಯಿದೆ. ಕಂಪ್ಯೂಟರು ಪೂರ್ತಿ ಹೋಲಿಕೆಯನ್ನಷ್ಟೇ ಅಲ್ಲ, ಹತ್ತಿರದ ಹೋಲಿಕೆಯನ್ನೂ ಹಿಡಿಯುತ್ತದೆ. ಲಕ್ಷಾಂತರ ಜನ ಇಟ್ಟುಕೊಂಡ ಹೆಸರುಗಳಲ್ಲಿ ಯಾವುದೋ ಒಂದು ಆ ಪಟ್ಟಿಯ ಯಾರಿಗೋ ತಾಕಿತು. ಇದನ್ನು ಬಿಡಿಸುವ ದಾರಿ ಒಂದೇ, ಹುಟ್ಟಿದ ದಿನ ಮತ್ತು ಹುಟ್ಟಿದ ಊರು ಬೇರೆ ಎಂದು ತೋರಿಸುವುದು. ಮಗನ ಪಾಸ್‌ಪೋರ್ಟು ಸಾಕಾಯಿತು. ಸಾಬರದೇ ಹುಟ್ಟಿದ ದಿನ ಬೇಕಾದಾಗ ಎಡವಟ್ಟಾಯಿತು. ಆಧಾರ್ ಪ್ರಕಾರ ಅವರು ಹುಟ್ಟಿದ್ದು ಜನವರಿ 1. ನಮ್ಮ ಕಡೆ ತಾರೀಖು ಗೊತ್ತಿಲ್ಲದವರೆಲ್ಲ ಆಧಾರಿನಲ್ಲಿ ಹುಟ್ಟುವುದು ಹೊಸ ವರ್ಷದ ದಿನ. ಶಾಲೆಯ ದಾಖಲೆಯಲ್ಲಾದರೆ ಜೂನ್ 1, ಹಳೆಯ ಮೇಷ್ಟ್ರುಗಳಿಗೆ ಶಾಲೆ ಶುರುವಾಗುವ ದಿನವೇ ಮಕ್ಕಳು ಹುಟ್ಟುವ ದಿನ. ಪುಣ್ಯಕ್ಕೆ ಪಟ್ಟಿಯಲ್ಲಿದ್ದವನಿಗೂ ಸಾಬರಿಗೂ ವಯಸ್ಸಿನಲ್ಲಿ ಒಂದು ತಲೆಮಾರಿನ ಅಂತರವಿತ್ತು. ಹಣ ಬಂತು. ಸಾಬರು ಆಮೇಲೆ ನನ್ನ ಹತ್ತಿರ, “ಮೇಷ್ಟ್ರೇ, ಆ ಪಟ್ಟಿಯಾಗಿನ ಮನಷಾಗೂ ಗೌಂಡಿ ಕೆಲಸ ಬರ್ತೈತೇನ್ರೀ?” ಎಂದು ಕೇಳಿದ್ದರು.

ಇನ್ನು ಸಂಬಂಧ. ಕಳಿಸಿದವನು ನಿಮಗೆ ಏನಾಗಬೇಕು ಎಂದು ಕೇಳಿದಾಗ ಚಿಗವ್ವನಿಗೆ ಸಿಟ್ಟು ಬಂತು. ಹೆತ್ತವಳು ನಾನೇ ಎದುರಿಗೆ ನಿಂತಿರುವಾಗ ಕಾಗದ ಯಾಕೆ ಎಂಬುದು ಅವಳ ವಾದ. ನಮ್ಮ ಜನಕ್ಕೆ ಇಂಥ ಹೊತ್ತಿನಲ್ಲಿ ಮೊದಲು ನೆನಪಾಗುವುದು ನಾಡಕಚೇರಿ ಮತ್ತು ವಂಶವೃಕ್ಷ. ಪಕ್ಕದ ಮನೆಯವರು ಅರ್ಜಿ ಹಾಕಲು ಹೊರಟೇಬಿಟ್ಟಿದ್ದರು. ವಂಶವೃಕ್ಷ ಎಂದರೆ ಗ್ರಾಮ ಆಡಳಿತಾಧಿಕಾರಿ ಬರಬೇಕು, ಸಾಕ್ಷಿ ಹೇಳಬೇಕು, ಅಷ್ಟರಲ್ಲಿ ಹಂಚಿಕೆಯಾಗದ ಹೊಲದ ಮಾತು ಎದ್ದು ಅಣ್ಣತಮ್ಮಂದಿರ ಜಗಳವಾಗಬೇಕು. ಅದರ ಅಗತ್ಯವೇ ಇರಲಿಲ್ಲ. ಮಗನ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆ ತಾಯಿಯ ಹೆಸರೂ ಮನೆಯ ವಿಳಾಸವೂ ಅಚ್ಚಾಗಿತ್ತು. ಪರದೇಶಕ್ಕೆ ಹೋದವರ ಮನೆಯಲ್ಲಿ ಎಲ್ಲರೂ ಪಾಸ್‌ಪೋರ್ಟಿನ ಫೋಟೊ ಇರುವ ಪುಟವನ್ನು ಇಟ್ಟುಕೊಂಡಿರುತ್ತಾರೆ, ಈ ಕೊನೆಯ ಪುಟವನ್ನು ಯಾರೂ ಇಟ್ಟಿರುವುದಿಲ್ಲ. ಚಿಗವ್ವನ ಮಗ ವಾಟ್ಸಾಪಿನಲ್ಲಿ ಕಳಿಸಿದ. ತಾಯಿಯ ಹೆಸರು ಅಲ್ಲಿ Kotramma, ಪ್ಯಾನಿನಂತೆಯೇ. ದೇವರ ದಯೆ ಎಂದರೆ ಹೀಗೆ ಆಗಾಗ ಸ್ಪೆಲ್ಲಿಂಗಿನ ರೂಪದಲ್ಲಿ ಬರುತ್ತದೆ.

ಪಾಸ್‌ಪೋರ್ಟಿನ ಪ್ರತಿ ಬೇಕಾದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅದು ಗೊತ್ತಾದದ್ದು ಮೇಲಿನಿಂದ ಎರಡನೆಯ ಮಿಂಚಂಚೆ ಬಂದಾಗ. ಹಣದ ಜೊತೆಗೆ ಬರೆಯುವ ಟಿಪ್ಪಣಿಯ ಸಾಲಿನಲ್ಲಿ ಮಗರಾಯ HOUSE AND TEMPLE ಎಂದು ಬರೆದಿದ್ದ. ತಾರಸಿಗೆ ಖರ್ಚಾಗಿ ಉಳಿದದ್ದರಲ್ಲಿ ಹತ್ತು ಸಾವಿರವನ್ನು ಜಾತ್ರೆಯ ದಾಸೋಹಕ್ಕೆ ಕೊಡಬೇಕೆಂದು ಅವನ ಮನಸ್ಸಿನಲ್ಲಿತ್ತು, ಮನಸ್ಸಿನಲ್ಲಿದ್ದದ್ದನ್ನು ಖಾನೆಯಲ್ಲಿ ಬರೆದ. ವಿಭಾಗದವರು ಕೇಳಿದರು: ಯಾವ ದೇವಸ್ಥಾನ, ಅದಕ್ಕೆ ವಿದೇಶಿ ದೇಣಿಗೆಯ ನೋಂದಣಿ ಇದೆಯೇ?

ಇದು ತಮಾಷೆಯಲ್ಲ. ಪ್ರತಿ ಒಳಬರುವ ಹಣಕ್ಕೂ ರಿಸರ್ವ್ ಬ್ಯಾಂಕಿನ ಒಂದು ಉದ್ದೇಶ ಸಂಖ್ಯೆ ಹಚ್ಚಬೇಕು. ಹೊರಗಿರುವ ಭಾರತೀಯರು ಮನೆಯ ನಿರ್ವಹಣೆಗೂ ಉಳಿತಾಯಕ್ಕೂ ಕಳಿಸುವುದು P1301. ವೈಯಕ್ತಿಕ ಉಡುಗೊರೆ P1302. ಧಾರ್ಮಿಕ, ದತ್ತಿ ಸಂಸ್ಥೆಗಳಿಗೆ ಕೊಡುಗೆಯಾದರೆ P1303. ಮೊದಲೆರಡು ಮನೆಯ ಮಾತು. ಮೂರನೆಯದು ಬಂತೆಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೆರಳು ಬೀಳುತ್ತದೆ. ಆ ಕಾಯ್ದೆಯಡಿ ದೇಣಿಗೆ ಪಡೆಯುವ ಸಂಸ್ಥೆ ನೋಂದಾಯಿಸಿಕೊಂಡಿರಬೇಕು, 2020ರ ತಿದ್ದುಪಡಿಯ ನಂತರ ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಕೊಟ್ಟೂರಿನ ಒಬ್ಬ ಹೆಂಗಸಿನ ಜನಧನ್ ಖಾತೆಗೆ ದೇವಸ್ಥಾನದ ಹಣ ಬಂದರೆ ಬ್ಯಾಂಕಿನವರು ಕಣ್ಣು ಕಿರಿದು ಮಾಡುವುದು ಸಹಜ.

ಆದರೆ ಭಾರತದ ಪಾಸ್‌ಪೋರ್ಟು ಇಟ್ಟುಕೊಂಡವನು ಎಲ್ಲಿಯೇ ದುಡಿಯಲಿ, ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ ಆ ಕಾಯ್ದೆಗೆ ‘ವಿದೇಶಿ’ಯೇ ಅಲ್ಲ. ಹಾಗಾಗಿ ಮಗನ ಪಾಸ್‌ಪೋರ್ಟಿನ ಮೊದಲ ಪುಟ ಆ ಪ್ರಶ್ನೆಗೆ ಉತ್ತರವಾಯಿತು. ಅವನು ಅಮೆರಿಕದ ಪೌರನಾಗಿದ್ದಿದ್ದರೆ ಕಥೆ ಸ್ವಲ್ಪ ಬೇರೆ. ಆಗಲೂ ಸಂಬಂಧಿಗಳಿಗೆ ಕಳಿಸಬಹುದು, ವರ್ಷಕ್ಕೆ ಹತ್ತು ಲಕ್ಷದ ತನಕ ಯಾರಿಗೂ ತಿಳಿಸಬೇಕಿಲ್ಲ. 2022ರ ಮೊದಲು ಆ ಮಿತಿ ಬರೀ ಒಂದು ಲಕ್ಷವಿತ್ತು. ಅದಕ್ಕಿಂತ ಹೆಚ್ಚು ಬಂದರೆ ಪಡೆದವರು ಮೂರು ತಿಂಗಳೊಳಗೆ ಗೃಹ ಸಚಿವಾಲಯಕ್ಕೆ ತಿಳಿಸಬೇಕು. ಬೆಂಗಳೂರು ಸೇರಿ ಅಲ್ಲಿಂದ ಕ್ಯಾಲಿಫೋರ್ನಿಯಾ ಸೇರಿದ ನಮ್ಮ ಹುಡುಗರು ಪೌರತ್ವ ಸಿಕ್ಕಾಗ ಪೇಡೆ ಹಂಚುತ್ತಾರೆ. ಈ ಸಂಗತಿಯನ್ನು ಅವ್ವ ಅಪ್ಪನಿಗೆ ಯಾರೂ ಹೇಳುವುದಿಲ್ಲ.

ಚಿಗವ್ವನ ಕೈಯಲ್ಲಿ ಬ್ಯಾಂಕಿನ ಅಚ್ಚು ಫಾರಮು ತುಂಬಿಸಿದೆವು. ಅದಕ್ಕೆ ಅವರು ‘ಡಿಸ್ಪೋಸಲ್ ಇನ್‌ಸ್ಟ್ರಕ್ಷನ್’ ಎನ್ನುತ್ತಾರೆ. ಬಂದ ಹಣವನ್ನು ಯಾವ ಖಾತೆಗೆ ಹಾಕಬೇಕು, ಯಾವ ಉದ್ದೇಶಕ್ಕೆ ಬಂದದ್ದು, ವಿದೇಶಿ ವಿನಿಮಯ ಕಾಯ್ದೆ ಮೀರಿಲ್ಲ ಎಂಬ ಒಪ್ಪಿಗೆ, ಇಷ್ಟೇ ಅದರೊಳಗೆ. ಜೊತೆಗೆ ಒಂದು ಪತ್ರ: ದುಬೈಯಲ್ಲಿ ಕೆಲಸ ಮಾಡುವ ನನ್ನ ಮಗ ಮನೆಯ ನಿರ್ವಹಣೆಗೂ ತಾರಸಿಯ ದುರಸ್ತಿಗೂ ಕಳಿಸಿದ 6,807 ಡಾಲರು ಇದು, ದಾಸೋಹದ ಮಾತು ಮನೆಯ ಖರ್ಚಿನಲ್ಲಿ ನಾವೇ ಮಾಡುವ ಸೇವೆ, ಯಾವ ಸಂಸ್ಥೆಯ ಪರವಾಗಿಯೂ ಹಣ ಪಡೆಯುತ್ತಿಲ್ಲ ಎಂದು. ಅಂಥ ಪತ್ರದಲ್ಲಿ ಮಗನ ಬ್ಯಾಂಕು ಕೊಟ್ಟ ಸ್ವಿಫ್ಟ್ ಪ್ರತಿಯ ರೆಫರೆನ್ಸ್ ಸಂಖ್ಯೆ ಬರೆಯುವುದು ಮರೆಯಬಾರದು. ವಿಭಾಗದ ಗುಮಾಸ್ತ ಹುಡುಕುವುದು ಆ ಸಂಖ್ಯೆಯಿಂದಲೇ, ಕೊಟ್ರಮ್ಮ ಎಂದು ಹುಡುಕಿದರೆ ಅವನ ಆಯುಷ್ಯ ಸಾಲದು. ಆ ಪ್ರತಿಗೆ ಬ್ಯಾಂಕಿನವರು ಇವತ್ತಿಗೂ ‘ಎಂಟಿ ನೂರಾಮೂರು’ ಎನ್ನುತ್ತಾರೆ. 2025ರ ನವೆಂಬರಿನಿಂದ ಗಡಿಯಾಚೆಯ ಸಂದೇಶಗಳ ನಮೂನೆಯೇ ಬದಲಾಗಿ pacs.008 ಆಗಿದೆ. ಹಳೆಯ ಜಿಲ್ಲೆಯ ಹೆಸರನ್ನೇ ಹೇಳುವ ನಮಗೆ ಅವರನ್ನು ಆಡಿಕೊಳ್ಳುವ ಅಧಿಕಾರವಿಲ್ಲ.

ಕಡೆಯ ಪ್ರಶ್ನೆ ನನಗೆ ಎಲ್ಲಕ್ಕಿಂತ ಹಿಡಿಸಿತು, ಯಾಕೆಂದರೆ ಅದರಲ್ಲಿ ಲೆಕ್ಕವಿತ್ತು. ತಿಂಗಳಿಗೆ 1,500 ದಿರ್ಹಾಂ ಕಳಿಸುತ್ತಿದ್ದವನಿಗೆ ಒಮ್ಮೆಲೇ 25,000 ಎಲ್ಲಿಂದ ಬಂತು? ಮಗ ಮೂರು ತಿಂಗಳ ಸಂಬಳದ ಚೀಟಿ ಕಳಿಸಿದ. ಅದರಿಂದ ಏನೂ ಸಾಬೀತಾಗುವುದಿಲ್ಲ, ಚೀಟಿಯಲ್ಲಿರುವುದು ಹೊಸ ಕಂಪನಿಯ ಸಂಬಳ. ಬೇಕಾಗಿದ್ದದ್ದು ಹಳೆಯ ಕಂಪನಿಯ ಚುಕ್ತಾ ಪತ್ರ. ಎಮಿರೇಟ್ಸಿನ ಕಾನೂನಿನಲ್ಲಿ ಗ್ರಾಚ್ಯುಟಿ ಎಂದರೆ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು. ಅವನ ಮೂಲ ಸಂಬಳ 3,500. ಐದು ವರ್ಷಕ್ಕೆ 105 ದಿನ, ಆರನೆಯದಕ್ಕೆ 30, ಒಟ್ಟು 135 ದಿನ. ದಿನದ ಸಂಬಳ 116 ಚಿಲ್ಲರೆ, ಗುಣಿಸಿದರೆ 15,750 ದಿರ್ಹಾಂ. ಉಳಿದ 9,250 ಅವನ ಉಳಿತಾಯ. ಚುಕ್ತಾ ಪತ್ರದಲ್ಲಿ 15,750 ಎಂದೇ ಇತ್ತು, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಆ ಹಣ ಬಂದ ಸಾಲೂ ಇತ್ತು, ಹೊರಟ ಸಾಲೂ ಇತ್ತು. ಹಣದ ಮೂಲ ತೋರಿಸುವುದೆಂದರೆ ಬಂದ ಸಾಲಿನಿಂದ ಹೋದ ಸಾಲಿನ ತನಕ ನಡುವೆ ಕಿತ್ತುಹೋಗದ ಹಾಗೆ ತೋರಿಸುವುದು. ಚೀಲದ ತುಂಬ ಸಂಬಳದ ಚೀಟಿ ಕೊಟ್ಟರೂ ಆ ಎರಡು ಸಾಲು ಇಲ್ಲದಿದ್ದರೆ ಕೆಲಸವಾಗುವುದಿಲ್ಲ.

ಯಾವ ಕಾಗದ ಕೊಟ್ಟರೂ ಬಗೆಹರಿಯದ ಹಣವೂ ಇದೆ. ಹಡಗಲಿ ಕಡೆಯ ಮಲ್ಲಿಗೆ ಬೆಳೆಗಾರರೊಬ್ಬರ ಮಗ ಮಸ್ಕತ್ತಿನಲ್ಲಿ ತನ್ನ ಕಾರ್ಡು ಕೆಟ್ಟಿತ್ತೆಂದು ರೂಮಿನ ಗೆಳೆಯನಿಗೆ ನಗದು ಕೊಟ್ಟು ಅವನ ಖಾತೆಯಿಂದ ಕಳಿಸಿದ. ಕಳಿಸಿದವನಿಗೂ ಪಡೆಯುವವರಿಗೂ ಏನು ಸಂಬಂಧ? ಗೆಳೆಯ ಪಾಲಕ್ಕಾಡಿನವನು, ಹಡಗಲಿಯನ್ನು ನಕ್ಷೆಯಲ್ಲೂ ನೋಡಿದವನಲ್ಲ. ಅವನ ಪಾಸ್‌ಪೋರ್ಟಿನ ಕೊನೆಯ ಪುಟ ಇವರಿಗೆ ಏನು ಮಾಡೀತು? ನಗದು ಕೈ ಬದಲಾದದ್ದಕ್ಕೆ ಕಾಗದವೇ ಹುಟ್ಟಿರಲಿಲ್ಲ. ಸ್ವಲ್ಪ ದಿನ ಕಾದು ಬ್ಯಾಂಕು ಹಣವನ್ನು ಬಂದ ದಾರಿಯಲ್ಲೇ ತಿರುಗಿ ಕಳಿಸಿತು, ನಡುವಿನ ಬ್ಯಾಂಕುಗಳು ಎರಡು ಸಲ ತಮ್ಮ ಶುಲ್ಕ ಮುರಿದುಕೊಂಡವು. ಮಗ ಆಮೇಲೆ ತನ್ನ ಖಾತೆಯಿಂದಲೇ ಕಳಿಸಿದ, ಅಂದೇ ಬಂತು. ಹಿಂದಕ್ಕೆ ಹೋದದ್ದನ್ನು ಊರವರು ಅವಮಾನ ಎಂದುಕೊಂಡರು. ನನಗೇನೋ ಅದೇ ಸುಲಭದ ದಾರಿಯೆನಿಸಿತು.

ಚಿಗವ್ವನ ಹಣ ಜಮೆಯಾಯಿತು. ಲೆಕ್ಕ ಹಾಕಿ ನೋಡಿದರೆ ಸ್ವಲ್ಪ ಕಡಿಮೆ ಇತ್ತು. ದರ ಬಿಡುಗಡೆಯಾದ ದಿನದ್ದು, ಮಗ ಕಳಿಸಿದ ದಿನದ್ದಲ್ಲ. ಡಾಲರನ್ನು ರೂಪಾಯಿ ಮಾಡಿದ್ದಕ್ಕೆ ಜಿಎಸ್‌ಟಿ ಬೇರೆ, ಆರು ಲಕ್ಷಕ್ಕೆ 630 ರೂಪಾಯಿ. ಅವಳಿಗೆ ಆ 630 ಮಾತ್ರ ಬಹಳ ದಿನ ಚುಚ್ಚಿತು. ಮ್ಯಾನೇಜರಿಂದ ಒಳಬಂದ ಹಣದ ಸೂಚನಾ ಪತ್ರವೊಂದನ್ನು ಕೇಳಿ ಪಡೆದೆವು. ಎಲ್ಲಿಂದ, ಯಾರಿಂದ, ಎಷ್ಟು, ಯಾವ ಉದ್ದೇಶಕ್ಕೆ ಬಂತೆಂದು ಅದರಲ್ಲಿರುತ್ತದೆ. ಕೇಳದಿದ್ದರೆ ಯಾರೂ ಕೊಡುವುದಿಲ್ಲ, ಮುಂದೊಂದು ದಿನ ತಾರಸಿಗೆ ರೊಕ್ಕ ಎಲ್ಲಿಂದ ಬಂತೆಂದು ಕೇಳಿದರೆ ತೋರಿಸಲು ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಅದನ್ನವಳು ಹೊಲದ ಪಹಣಿಯ ಜೊತೆ ಟ್ರಂಕಿನಲ್ಲಿಟ್ಟಳು.

ಒಂದು ಮಧ್ಯಾಹ್ನ ಅವಳ ಮೊಬೈಲು ಹೊಡೆದುಕೊಂಡಾಗ ನಾನು ಅಲ್ಲೇ ಇದ್ದೆ. ಮುಂಬೈ ರಿಸರ್ವ್ ಬ್ಯಾಂಕಿನಿಂದ ಮಾತಾಡುತ್ತಿದ್ದೇನೆ ಎಂದ ಒಬ್ಬ, ಹರಕು ಕನ್ನಡದಲ್ಲಿ. ಪರದೇಶದಿಂದ ನಿಮ್ಮ ಹೆಸರಿಗೆ ದೊಡ್ಡ ಮೊತ್ತ ಬಂದು ನಿಂತಿದೆ, ಬಿಡಿಸಲು 18,500 ಕಸ್ಟಮ್ಸ್ ಶುಲ್ಕವನ್ನು ಈ ನಂಬರಿಗೆ ಫೋನ್‌ಪೇ ಮಾಡಿ ಎಂದ. ನಾನು ಫೋನು ಕಸಿಯಲು ಕೈ ಚಾಚಿದೆ. ಅವಳು ಕೊಡಲಿಲ್ಲ.

“ಎಪ್ಪಾ, ನಮ್ಮ ಬ್ಯಾಂಕಿನವ್ರು ಬರೇ ಕಾಗ್ದ ಕೇಳಿದ್ರು, ರೊಕ್ಕ ಕೇಳಿದಾಂವ ನೀನ ಮೊದಲ್ನೇದಾಂವ. ಕೊಡೋಣಂತ. ಮೊದ್ಲು ರೆಫರೆನ್ಸ್ ನಂಬರ್ ಹೇಳು, ಕಳಿಸಿದಾಂವ ನನಗ ಏನಾಗಬೇಕು ಹೇಳು, ಅವನ ಪಾಸ್‌ಪೋರ್ಟಿನ ಕೊನೇ ಪುಟ ವಾಟ್ಸಾಪಿಗೆ ಹಾಕು. ಹಂಗ ನಿಂದೂ ಒಂದು ಹಾಕು.”

ಆ ಕಡೆಯಿಂದ ಫೋನು ಕಟ್ಟಾಯಿತು. “ಇವನ್ದೂ ದಾಖಲೆ ಸರಿ ಇಲ್ಲ ಕಾಣ್ತೈತಿ,” ಎಂದು ಚಿಗವ್ವ ಮೊರದಲ್ಲಿದ್ದ ಶೇಂಗಾ ಸುಲಿಯಲು ಕುಂತಳು.